ಹದಿನಾಲ್ಕು ಕಿಲೋ ನುಚ್ಚಕ್ಕಿ

ಉಡಚವ್ವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬೇರೆ ಯಾರೂ ಬರೆಯುವುದಿಲ್ಲ. ನನ್ನ ಹೆಸರು ವಾಣಿಶ್ರೀ. ಹಾನಗಲ್ ತಾಲೂಕಿನ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ತಪ್ಪು ಕಾಲೇಜಿನದಲ್ಲ, ನನ್ನದು.

ಉಡಚವ್ವನಿಗೆ ನಲವತ್ತೆರಡು ವರ್ಷ. ಊರು ಅಕ್ಕಿಆಲೂರಿನಿಂದ ನಾಲ್ಕು ಕಿಲೋಮೀಟರು. ಭತ್ತದ ನಾಟಿಗೆ ನಿಂತರೆ ಅವಳ ಸಾಲು ಎಲ್ಲರಿಗಿಂತ ಮೊದಲು ಬದು ಮುಟ್ಟುತ್ತಿತ್ತಂತೆ. ಗಂಡ ಗುತ್ತೆಪ್ಪ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ದಿನವಿಡೀ ಬೆನ್ನ ಮೇಲೆ ಅಕ್ಕಿ ಹೊತ್ತು, ಸಂಜೆ ಮನೆಗೆ ನುಚ್ಚಕ್ಕಿ ಕೊಳ್ಳುವ ಮನುಷ್ಯ. ಮಗಳು ವಿದ್ಯಾ ನನ್ನ ವಿದ್ಯಾರ್ಥಿನಿ, ದ್ವಿತೀಯ ಪಿಯು. ಮಗ ಹುಲಗೇಶ ಇನ್ನೂ ಆರನೆಯ ಇಯತ್ತೆ. ಗುತ್ತೆಪ್ಪ ಅಣ್ಣನಿಂದ ಬೇರೆಯಾದಾಗ ರೇಷನ್ ಕಾರ್ಡು ಅಣ್ಣನ ಮನೆಯಲ್ಲೇ ಉಳಿಯಿತು. ಹೊಸದಕ್ಕೆ ಹಾಕಿದ ಅರ್ಜಿ ಇನ್ನೂ ಅರ್ಜಿಯಾಗಿಯೇ ಇತ್ತು. ಹಾಗಾಗಿ ಊರೆಲ್ಲ ಪುಕ್ಕಟೆ ಅಕ್ಕಿ ಉಣ್ಣುವಾಗ ಈ ನಾಲ್ವರು ಕಾಳು ಕಾಳನ್ನೂ ಸಂತೆಯಲ್ಲಿ ಕೊಂಡೇ ಉಣ್ಣಬೇಕಿತ್ತು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಉಡಚವ್ವ ಗದ್ದೆಯಲ್ಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತದ ಹಿಮೋಗ್ಲೋಬಿನ್ ನೋಡಿದರು. ಆರು ಗ್ರಾಂ. ಹನ್ನೆರಡು ಇರಬೇಕಾದದ್ದು ಆರು. ಡಾಕ್ಟರು ಗುಳಿಗೆ ಕೊಟ್ಟು, ದಿನಾ ಒಂದು ತತ್ತಿ, ಬೇಳೆ, ಸೊಪ್ಪು ತಪ್ಪಿಸಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಅವಳು ತಪ್ಪಿಸಲಿಲ್ಲ. ವಾರಕ್ಕೆ ಹದಿನಾಲ್ಕು ತತ್ತಿ ತರುತ್ತಿದ್ದಳು, ತನಗೆ ದಿನಕ್ಕೊಂದು, ಹುಲಗೇಶನಿಗೊಂದು. ಸೌದೆ ಉಳಿಯಲಿ ಎಂದು ಅನ್ನದ ಗಡಿಗೆಯಲ್ಲೇ ತತ್ತಿ ಹಾಕಿ ಕುದಿಸುತ್ತಿದ್ದಳು. ಯಾರದು ಯಾವುದೆಂದು ಜಗಳ ಆಗಬಾರದೆಂದು ಬೆಂದ ತತ್ತಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಒಂದು ಗೆರೆ ಮಗನದು, ಎರಡು ಗೆರೆ ತನ್ನದು. ಎರಡು ಗೆರೆಯದರ ಅರ್ಧ ಬಹಳ ಸಲ ಮಗಳ ತಾಟಿಗೆ ಹೋಗುತ್ತಿತ್ತು. ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ. ತಿಳಿಯಬೇಕಾದ ಹೊತ್ತಿನಲ್ಲಿ ನಾನು ಪಾಠ ಮಾಡುತ್ತಿದ್ದೆ!

ಆಗಸ್ಟಿನಲ್ಲಿ ಅಕ್ಕಿಯ ಬೆಲೆ ಏರತೊಡಗಿತು. ಆಹಾ, ಒಳ್ಳೆಯ ಕಾಲ ಬಂತು ಎಂದುಕೊಂಡೆ ನಾನು. ಹೌದು, ಹಾಗೇ ಅಂದುಕೊಂಡೆ. ಬೇಡಿಕೆಯ ನಿಯಮ ಕಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ. ಹುಡುಗರಿಗೆ ಪ್ರಾಜೆಕ್ಟ್ ಕೊಟ್ಟೆ. ನವೆಂಬರಿನ ತನಕ ಪ್ರತಿ ಸಂತೆಯ ದಿನ ನಿಮ್ಮ ಮನೆಗೆ ಕೊಳ್ಳುವ ಅಕ್ಕಿಯ ರೇಟು ಎಷ್ಟು, ಎಷ್ಟು ಕಿಲೋ ತಂದಿರಿ, ಬರೆದುಕೊಂಡು ಬನ್ನಿ ಎಂದೆ.

ನಮ್ಮ ಮನೆಯಲ್ಲೇ ನಿಯಮ ನಡೆದಿತ್ತು ನೋಡಿ. ರಾತ್ರಿಯ ಅನ್ನ ಬಿಟ್ಟು ಚಪಾತಿ ಶುರು ಮಾಡಿದೆವು. ತಿಂಗಳಿಗೆ ಇಪ್ಪತ್ತೈದು ಕಿಲೋ ಹೋಗುತ್ತಿದ್ದ ಅಕ್ಕಿ ಹದಿನೆಂಟಕ್ಕೆ ಬಂತು. ಒಂದು ದುಬಾರಿಯಾದಾಗ ಅದರ ಜಾಗಕ್ಕೆ ಇನ್ನೊಂದನ್ನು ತರುವುದಕ್ಕೆ ಬದಲಿ ಪರಿಣಾಮ ಎನ್ನುತ್ತೇವೆ. ಬೆಲೆ ಏರಿದ್ದರಿಂದ ಕೈಯಲ್ಲಿರುವ ಅದೇ ರೊಕ್ಕದ ಶಕ್ತಿ ಕುಂದಿ ನಾವು ಒಂದಿಷ್ಟು ಬಡವರಾಗುವುದಕ್ಕೆ ಆದಾಯ ಪರಿಣಾಮ ಎನ್ನುತ್ತೇವೆ. ಸಂಬಳದ ಮನೆಯಲ್ಲಿ ಎರಡನೆಯದು ಗೊತ್ತೇ ಆಗುವುದಿಲ್ಲ. ನಮಗೂ ಆಗಲಿಲ್ಲ.

ನವೆಂಬರಿನಲ್ಲಿ ನಲವತ್ತೊಂದು ಪ್ರಾಜೆಕ್ಟ್ ಬಂದವು. ನಲವತ್ತು ನನ್ನ ಮನಸ್ಸಿನಂತೆ ಇದ್ದವು, ರೇಟು ಏರಿದೆ, ಕಿಲೋ ಇಳಿದಿದೆ ಇಲ್ಲವೇ ಇದ್ದಲ್ಲೇ ಇದೆ. ನಲವತ್ತೊಂದನೆಯದು ವಿದ್ಯಾಳದು. ಇಪ್ಪತ್ತೈದು ರೂಪಾಯಿ ಇದ್ದಾಗ ವಾರಕ್ಕೆ ಹನ್ನೆರಡು ಕಿಲೋ ನುಚ್ಚಕ್ಕಿ. ಮೂವತ್ತಾದಾಗ ಹದಿಮೂರು. ಮೂವತ್ತೈದಾದಾಗ ಹದಿನಾಲ್ಕು. ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಕುಂತು ತೋಚಿದ್ದು ಗೀಚಿಕೊಂಡು ಬಂದಿದ್ದಾಳೆ, ಗೀಚುವುದಕ್ಕೂ ಬುದ್ಧಿ ಓಡಿಸಿಲ್ಲ ಎಂದುಕೊಂಡೆ. ಕೆಂಪು ಪೆನ್ನಿನಿಂದ ಇಡೀ ಪುಟಕ್ಕೆ ಅಡ್ಡಗೆರೆ ಎಳೆದು, "ನಿಯಮಕ್ಕೆ ವಿರುದ್ಧ, ಸುಳ್ಳು" ಎಂದು ಬರೆದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡುವ ಜಾಯಮಾನ ನನ್ನದಲ್ಲ.

"ವಿದ್ಯಾ, ಎದ್ದು ನಿಲ್ಲು," ಎಂದೆ ಕ್ಲಾಸಿನಲ್ಲಿ. "ನಿಮ್ಮನ್ಯಾಗ ರೇಟು ಏರಿದಂಗ ಅಕ್ಕಿ ಹೆಚ್ಚ ತಗೋತೀರೇನ?"

"ಹೌದ್ರಿ ಮೇಡಂ."

"ಹಂಗಂದ್ರ ಮನಿ ಹಿತ್ತಲದಾಗ ರೊಕ್ಕದ ಗಿಡ ಹಚ್ಚೀರಿ ಅನ್ನು!"

ಹುಡುಗರು ಹೋ ಎಂದು ನಕ್ಕರು. ಅವಳು ಬೆಂಚಿನ ಅಂಚು ಹಿಡಿದುಕೊಂಡು, "ಇಲ್ರಿ. ಹೊಟ್ಟಿ ತುಂಬಬೇಕಲ್ರಿ ಮತ್ತ," ಎಂದಳು.

"ಹೊಟ್ಟಿ ಆಗಸ್ಟ್‌ದಾಗೂ ಇತ್ತಲ್ಲವಾ. ಆವಾಗ ಹನ್ನೆರಡು ಕಿಲೋಕ್ಕ ತುಂಬಿದ್ದು ಈಗ ಹದಿನಾಲ್ಕು ಯಾಕ ಬೇಡ್ತೈತಿ?"

"ಹಿಂದಿನ ಪುಟ ನೋಡ್ರಿ ಮೇಡಂ. ಅಲ್ಲಿ ಬರದೇನ್ರಿ."

"ಮುಂದಿನ ಪುಟಾನ ಸುಳ್ಳೈತಿ, ಹಿಂದಿನದೇನ ನೋಡ್ಲಿ? ನಾಳೆ ನಿಮ್ಮವ್ವನ್ನ ಕರಕೊಂಡು ಬಾ. ಇಲ್ಲಾಂದ್ರ ಕ್ಲಾಸಿಗೆ ಬರಬ್ಯಾಡ."

ಮರುದಿನ ಉಡಚವ್ವ ಬಂದಳು. ಭತ್ತದ ಕೊಯ್ಲು ಶುರುವಾದ ದಿನಗಳು, ಮುನ್ನೂರು ರೂಪಾಯಿ ಕೂಲಿ ಬಿಟ್ಟು ಬಂದಿದ್ದಳು. ನಮ್ಮ ಸ್ಟಾಫ್ ರೂಮು ಮಾಳಿಗೆಯ ಮೇಲಿದೆ. ಹದಿನೆಂಟು ಮೆಟ್ಟಿಲು. ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ಉಸಿರೆಳೆದುಕೊಂಡಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಉಗುರು ಸುಣ್ಣದಂತೆ ಬೆಳ್ಳಗಿದ್ದವು. ನಾನದನ್ನು ನೋಡಿದೆ.

"ಅಕ್ಕೋರ, ಹುಡುಗಿ ಸುಳ್ಳ ಬರದಿಲ್ರಿ," ಎಂದಳು. "ತೂಕ ನಾನ ಹೇಳೇನಿ, ಆಕಿ ಬರಕೊಂಡಾಳ."

"ದುಬಾರಿ ಆದ್ರ ಕಡಿಮಿ ತಗೋಬೇಕು ಉಡಚವ್ವ. ಹೆಚ್ಚ ತಗೋತಾರೇನ ಯಾರಾರ?"

"ಕಡಿಮಿ ತಗೊಂಡ್ರ ಏನ ಉಣ್ಣೂದ್ರಿ? ಅದೊಂದ ಐತ್ರಿ ಈಗ."

ಅದೊಂದೇ ಇದೆ. ಮೂರು ಪದದಲ್ಲಿ ಇಡೀ ಅಧ್ಯಾಯ ಹೇಳಿ ಮುಗಿಸಿದ್ದಳು ಆ ಹೆಣ್ಣುಮಗಳು. ನನ್ನ ತಲೆಗೆ ಹೋಗಲಿಲ್ಲ. ಹೋಗದಿದ್ದರೂ ಬಾಯಿ ಸುಮ್ಮನಿರಬೇಕಲ್ಲ?

"ಅಕ್ಕಿ ದುಬಾರಿ ಆತಂದ್ರ ಬ್ಯಾಳಿ ತಿನ್ರಿ, ತತ್ತಿ ತಿನ್ರಿ. ಬರೇ ಅನ್ನಾನ ಯಾಕ ಸುರಕೋತೀರಿ? ನಿನ್ನ ಮುಖಾ ನೋಡ್ಕೊ, ಮೈಯಾಗ ರಕ್ತ ಇಲ್ಲ."

ಉಡಚವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಹೇಳುವವಳು ದೊಡ್ಡವಳು, ಕೇಳುವವಳು ಸಣ್ಣವಳು; ಅಂಥ ಹೊತ್ತಿನಲ್ಲಿ ನಗುವ ನಗೆ ಅದು. "ತಿಂತೇನ್ರಿ ಅಕ್ಕೋರ. ಹುಡುಗೀನ ಕ್ಲಾಸಿಗೆ ಕೂಡಸ್ಕೋರಿ," ಎಂದಳು. ಗೋಡೆ ಹಿಡಿದು ಮೆಟ್ಟಿಲಿಳಿದು ಹೋದಳು.

ಅದೇ ವಾರ ಇನ್ನೊಂದು ಕೆಲಸ ಮಾಡಿದೆ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಬಡ ಮಕ್ಕಳಿಗೆ ತಿಂಗಳಿಗೆ ಐದುನೂರು ರೂಪಾಯಿ ನೆರವು ಕೊಡುತ್ತಾರೆ. ಮೂವರಿಗೆ ಮಾತ್ರ. ಆರಿಸುವ ಸಮಿತಿಗೆ ನಾನೇ ಮುಖ್ಯಸ್ಥೆ. ಅರ್ಜಿಗಳಲ್ಲಿ ವಿದ್ಯಾಳದೂ ಇತ್ತು. ಸಮಿತಿಯಲ್ಲಿದ್ದ ಇತಿಹಾಸದ ಲಕ್ಷ್ಮಪ್ಪ ಸರ್ ಮೆತ್ತಗೆ, "ಈ ಹುಡುಗಿ ಮನಿ ಕಡೆ ಭಾಳ ತ್ರಾಸ ಐತ್ರಿ ಮೇಡಂ," ಎಂದರು. ನಾನು ಆ ಪ್ರಾಜೆಕ್ಟನ್ನೇ ಮೇಜಿನ ಮೇಲೆ ಒಗೆದೆ.

"ಇದು ಸುಳ್ಳಾದ್ರ, ಸುಳ್ಳ ಬರಿಯೋರಿಗೆ ಕೊಡೂದ ಬ್ಯಾಡ. ಖರೇ ಆದ್ರ, ರೇಟು ಏರಿದ್ರೂ ಹೆಚ್ಚ ಕೊಂಡಾರ ಅಂದ್ರ ಅವರ ಆದಾಯ ಏರೇತಿ. ಮತ್ತೇನರ ಕಾರಣ ಇದ್ರ ಹೇಳ್ರಿ ಸರ್."

ಪಾಪ, ಇತಿಹಾಸದ ಮೇಷ್ಟ್ರು ಏನು ಹೇಳಿಯಾರು? ಆ ಜಾಗ ಬಂಕಾಪುರದ ಕಡೆಯ ಪೂಜಾಳಿಗೆ ಹೋಯಿತು. ಅವಳ ಮನೆಯಲ್ಲಿ ಅಕ್ಕಿ ಇಳಿದಿತ್ತು, ಯಾಕೆಂದರೆ ಗೋಧಿ ಕೊಳ್ಳುವುದು ಏರಿತ್ತು. ಬದಲಿಗೆ ಗೋಧಿ ಕೊಳ್ಳಲು ಶಕ್ತಿಯಿದ್ದ ಮನೆ ನನ್ನ ಕಣ್ಣಿಗೆ ಬಡ ಮನೆಯಾಗಿ ಕಂಡಿತು. ಓದಿದವರ ಮಂಕುತನಕ್ಕೆ ಮಿತಿ ಇರುವುದಿಲ್ಲ, ತಿಳಿದುಕೊಳ್ಳಿ.

ಡಿಸೆಂಬರ್ ಮೊದಲ ವಾರ ಅಕ್ಕಿಆಲೂರಿನ ಸಂತೆಗೆ ಹೋಗಿದ್ದೆ. ನುಚ್ಚಕ್ಕಿ ಮಾರುವ ಮರಿಯಮಬಿ ಮೂವತ್ತು ವರ್ಷದಿಂದ ಅದೇ ಬೇವಿನ ಗಿಡದ ಬುಡದಲ್ಲಿ ಚೀಲ ಬಿಚ್ಚಿ ಕೂರುವವಳು. ತಕ್ಕಡಿ ಸರಿಯಾದ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಬೊಗಸೆ ಮೇಲೆ ಹಾಕುತ್ತಾಳೆ. ಅದು ಕೊಸರು, ತೂಕಕ್ಕೆ ಸೇರದ್ದು. ನಾನು ಇಡ್ಲಿಗೆಂದು ಎರಡು ಕಿಲೋ ಕೇಳಿ, ಮಾತಿಗೆ ಮಾತು ಬಂದು, "ರೇಟು ಏರಿ ನಿನ್ನ ವ್ಯಾಪಾರ ಬಿದ್ದಿರಬೇಕಲ್ಲ ಮರಿಯಮಬಿ?" ಎಂದೆ.

"ಹೋಟೆಲ್ಲಿನವ್ರು, ನಿಮ್ಮಂಥವ್ರು ಕಡಿಮಿ ಮಾಡ್ಯಾರ್ರಿ ಬಾಯರ. ಕೂಲಿ ಮಂದಿ ಚೀಲ ಮಾತ್ರ ದೊಡ್ಡದಾಗೇತ್ರಿ."

"ಅದ್ಹ್ಯಾಂಗ?"

ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. "ಕೈಯಾಗ ಆರುನೂರು ಇರ್ತಾವ್ರಿ. ಅಕ್ಕಿಗೆ ಮುನ್ನೂರು ಕೊಟ್ರ ಉಳಿದಿದ್ರಾಗ ಬ್ಯಾಳಿ, ತತ್ತಿ, ಬದ್ನಿಕಾಯಿ. ಈಗ ಅದ ಅಕ್ಕಿಗೆ ನಾನೂರಾ ಇಪ್ಪತ್ತು. ಉಳಿದಿದ್ರಾಗ ಬ್ಯಾಳಿ ಎಲ್ಲಿಂದ ಬರಬೇಕು? ಬ್ಯಾಳಿ ಬಿಟ್ರು, ತತ್ತಿ ಬಿಟ್ರು. ಬಿಟ್ಟಷ್ಟು ಹೊಟ್ಟಿ ಖಾಲಿ ಉಳೀತಲ್ರಿ, ಅದಕ್ಕ ಮತ್ತೆರಡು ಕಿಲೋ ನುಚ್ಚು. ಮೂವತ್ತೈದು ಆದ್ರೂ ಹೊಟ್ಟಿ ತುಂಬಾಕ ಇದ ಸೋವಿ. ಇದರಾಗೇನ ತಿಳೀಲಾರದ್ದೈತ್ರಿ? ಹಾನಗಲ್ಲಿಂದ ಬಸ್ಸಿಗೆ ಬಂದು ಕಾಲೇಜಿನ್ಯಾಗ ಕಲಸ್ತೀರಿ ಮತ್ತ!"

ಮನೆಗೆ ಹೋಗಿ ವಿದ್ಯಾಳ ಪ್ರಾಜೆಕ್ಟ್ ತೆಗೆದೆ. ನಾನು ಹಾಕಿದ ಕೆಂಪು ಗೆರೆ ಎಷ್ಟು ಗಟ್ಟಿಯಾಗಿತ್ತೆಂದರೆ ಕಾಗದ ಹಿಂಬದಿಗೆ ಉಬ್ಬಿತ್ತು. ಪುಟ ತಿರುವಿದೆ. ನಾನು ಕೇಳದ ಕಾಲಮ್ಮುಗಳನ್ನು ಆ ಹುಡುಗಿ ಸ್ಕೇಲಿಟ್ಟು ಎಳೆದಿದ್ದಳು. ತೊಗರಿಬೇಳೆ: ಮುಕ್ಕಾಲು ಕಿಲೋ, ಪಾವು ಕಿಲೋ, ಇಲ್ಲ. ತತ್ತಿ: ಹದಿನಾಲ್ಕು, ಏಳು, ಇಲ್ಲ. ಏಳು ಎಂಬುದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಅವ್ವ ಬಿಟ್ಟಳು, ತಮ್ಮನಿಗೆ ಮಾತ್ರ" ಎಂದಿತ್ತು. ಕೆಳಗೆ, "ಜೋಳ, ಗೋಧಿ ರೇಟು ಕೇಳಿದೆವು, ನುಚ್ಚಿಗಿಂತ ದುಬಾರಿ" ಎಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಮಾಡದ ಪ್ರಾಜೆಕ್ಟು ಅದು. ಇಪ್ಪತ್ತೆರಡು ವರ್ಷದಿಂದ ನಾನು ನೋಟ್ಸಿನಲ್ಲಿ ಬರೆಸುತ್ತಿದ್ದ ಸಾಲು ನೆನಪಾಯಿತು. "ಬಡವರ ಮುಖ್ಯ ಆಹಾರದ ಬೆಲೆ ಏರಿದಾಗ ಆದಾಯ ಪರಿಣಾಮವು ಬದಲಿ ಪರಿಣಾಮವನ್ನು ಮೀರಿದರೆ ಅದನ್ನೇ ಹೆಚ್ಚು ಕೊಳ್ಳಬಹುದು, ಇದಕ್ಕೆ ಗಿಫನ್ ಸರಕು ಎನ್ನುತ್ತಾರೆ. ನಿಜ ಜೀವನದಲ್ಲಿ ಕಾಣಸಿಗುವುದಿಲ್ಲ." ಕಾಣಸಿಗುವುದಿಲ್ಲವಂತೆ! ಹದಿನೆಂಟು ಮೆಟ್ಟಿಲು ಹತ್ತಿ ಬಂದು ನನ್ನೆದುರು ನಿಂತಿತ್ತು.

ಕೈ ಸುಮ್ಮನಿರದೆ ಲೆಕ್ಕ ಹಾಕಿದೆ. ಉಡಚವ್ವನಿಗೆ ಮೊದಲಿನ ಹನ್ನೆರಡು ಕಿಲೋ ಅಕ್ಕಿ, ಮೊದಲಿನ ಬೇಳೆ, ಮೊದಲಿನ ಹದಿನಾಲ್ಕು ತತ್ತಿ ಎಲ್ಲವನ್ನೂ ಕೊಳ್ಳುವ ಶಕ್ತಿ ಮರಳಬೇಕಾದರೆ ಎಷ್ಟು ಬೇಕು? ಕಿಲೋಗೆ ಹತ್ತು ರೂಪಾಯಿಯಂತೆ ವಾರಕ್ಕೆ ನೂರಿಪ್ಪತ್ತು. ಅಷ್ಟು ಅವಳ ಕೈಗೆ ಬಂದಿದ್ದರೆ ಅವಳು ಹದಿನಾಲ್ಕು ಕಿಲೋ ಕೊಳ್ಳುತ್ತಲೇ ಇರಲಿಲ್ಲ. ಅಕ್ಕಿ ದುಬಾರಿಯಾಯಿತೆಂದು ಹನ್ನೆರಡಕ್ಕಿಂತ ಒಂದಿಷ್ಟು ಕಡಿಮೆಯೇ ಕೊಂಡು ಬೇಳೆಗೆ ಕೈಹಾಕುತ್ತಿದ್ದಳು, ಥೇಟು ನಮ್ಮ ಮನೆಯಂತೆ. ನನ್ನ ಪ್ರೀತಿಯ ನಿಯಮವನ್ನೂ ಪಾಲಿಸುತ್ತಿದ್ದಳು. ವಾರಕ್ಕೆ ನೂರಿಪ್ಪತ್ತು ಎಂದರೆ ನಾಲ್ಕು ವಾರಕ್ಕೆ ನಾನೂರ ಎಂಬತ್ತು. ನಾನು ತಪ್ಪಿಸಿದ್ದು ಐದುನೂರು.

ಅಂದು ರಾತ್ರಿ ಅತ್ತೆ. ಅತ್ತರೆ ಏನು ಬಂತು? ಬೆಳಿಗ್ಗೆ ಎದ್ದು ಪ್ರಿನ್ಸಿಪಾಲರ ಬಳಿ ಹೋಗಿ, ನನ್ನದು ತಪ್ಪಾಗಿದೆ, ಹುಡುಗಿಯ ಹೆಸರು ಸೇರಿಸಿ ಎನ್ನಬೇಕಿತ್ತು. ಹೋಗಲಿಲ್ಲ. ಲಕ್ಷ್ಮಪ್ಪ ಸರ್ ಮುಂದೆ ಮುಖ ಸಣ್ಣದಾಗುತ್ತದಲ್ಲ! ಜನವರಿಯಲ್ಲಿ ಹೇಗೂ ಸಮಿತಿ ಮತ್ತೆ ಕೂರುತ್ತದೆ, ಒಬ್ಬರು ಹೆಚ್ಚಿಗೆ ಸೇರಿಸಿದರಾಯಿತು, ಯಾರಿಗೂ ಗೊತ್ತಾಗದ ಹಾಗೆ ಸರಿಪಡಿಸಿದರಾಯಿತು ಎಂದುಕೊಂಡೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನನ್ನದು ಚೆಲ್ಲಾಟವೂ ಅಲ್ಲ, ಮಾನ ಕಾಯುವ ಕೆಲಸ. ಅದಕ್ಕೆ ಐದು ವಾರ ತೆಗೆದುಕೊಂಡೆ. ನಡುವೆ ವಿದ್ಯಾ ಕ್ಲಾಸಿಗೆ ಬರುವುದು ನಿಂತಿತು. ಸುಗ್ಗಿಯ ದಿನ, ಕೂಲಿಗೆ ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ವಿಚಾರಿಸಲಿಲ್ಲ.

ಜನವರಿಯಲ್ಲಿ ಸಮಿತಿ ಒಪ್ಪಿತು. ಹೊಸ ಭತ್ತ ಗಿರಣಿಗೆ ಬಂದು ಅಕ್ಕಿ ರೇಟೂ ಇಳಿದಿತ್ತು. ಕೆಂಪು ಗೆರೆಯ ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ, ಐದುನೂರರ ಕವರು ಅದರೊಳಗಿಟ್ಟು, ಸಂತೆಯ ದಿನ ಅಕ್ಕಿಆಲೂರಿಗೆ ಹೋದೆ. ಉಡಚವ್ವ ಅಲ್ಲಿಗೇ ಬರುತ್ತಾಳೆಂದು ಗೊತ್ತಿತ್ತು. ಬರಲಿಲ್ಲ. ಬೇವಿನ ಗಿಡದ ಬುಡದಲ್ಲಿ ಚೀಲ ಹಿಡಿದು ನಿಂತವಳು ವಿದ್ಯಾ. ತಲೆಗೆ ಟವಲು ಸುತ್ತಿಕೊಂಡಿದ್ದಳು, ರೆಪ್ಪೆಯ ಮೇಲೆಲ್ಲ ಗಿರಣಿಯ ಧೂಳು. ಮರಿಯಮಬಿ ತೂಗುತ್ತಿದ್ದಳು.

"ಈಗ ಎಷ್ಟವಾ ರೇಟು?" ಎಂದೆ.

"ಇಪ್ಪತ್ತೆಂಟ್ರಿ ಮೇಡಂ."

"ಎಷ್ಟ ತಗೊಂಡಿ?"

"ಹತ್ತು ಕಿಲೋರಿ."

ನನಗಾದ ಸಂತೋಷ ಹೇಗೆ ಹೇಳಲಿ! ಮೂವತ್ತೈದು ಇದ್ದಾಗ ಹದಿನಾಲ್ಕು, ಇಪ್ಪತ್ತೆಂಟು ಆದಾಗ ಹತ್ತು. ಬೆಲೆ ಇಳಿದಿದೆ, ಕೊಳ್ಳುವುದೂ ಇಳಿದಿದೆ. ಸಂತೆಯ ನಡುವೆ ನಿಂತು ಪಾಠ ಶುರು ಮಾಡಿದೆ. "ನೋಡು, ನೀ ಬರದಿದ್ದ ಖರೇ! ನನ್ನ ತಪ್ಪಾತವಾ. ರೇಟು ಇಳೀತು, ನಿಮ್ಮ ಕೈಯಾಗ ರೊಕ್ಕ ಉಳೀತು, ಅದಕ್ಕ ನುಚ್ಚು ಕಡಿಮಿ ಮಾಡಿ ಮತ್ತ ಬ್ಯಾಳಿ, ತತ್ತಿ ತಗೊಳ್ಳಾಕತ್ತೀರಿ. ಹೌದಲ್ಲ? ನಿಮ್ಮವ್ವ ಈಗ ದಿನಾ ತತ್ತಿ ತಿಂತಾಳಲ್ಲ?"

ಮರಿಯಮಬಿ ತಕ್ಕಡಿ ಕೆಳಗಿಟ್ಟು ನನ್ನ ಕಡೆ ನೋಡಿದಳು. ವಿದ್ಯಾ ಚೀಲದ ಬಾಯಿಗೆ ಗಂಟು ಹಾಕುತ್ತಿದ್ದಳು.

"ತತ್ತಿ ತಗೊಳ್ಳಾಕ ಶುರು ಮಾಡಿಲ್ರಿ ಮೇಡಂ," ಎಂದಳು. "ಉಣ್ಣಾವ್ರು ಒಬ್ರು ಕಡಿಮಿ ಆಗ್ಯಾರ್ರಿ. ಅವ್ವ ಹೋಗಿ ಇಪ್ಪತ್ತು ದಿವ್ಸ ಆತ್ರಿ. ಮೈಯಾಗ ರಕ್ತ ಇದ್ದಿಲ್ಲ, ಜ್ವರ ಬಂದು ಎರಡ ದಿನಕ್ಕ ಹೋದ್ಳ್ರಿ."

ನನ್ನ ಕೈ ತಾನಾಗಿಯೇ ಪ್ರಾಜೆಕ್ಟನ್ನು ಮುಂದೆ ಚಾಚಿತು. ಅವಳು ತೆಗೆದುಕೊಂಡಳು. ಕವರನ್ನು ನೋಡಿ ಅದನ್ನು ನನಗೇ ವಾಪಸು ಕೊಟ್ಟಳು. ಪುಟ ತಿರುವಿ ಕಾಲಮ್ಮುಗಳನ್ನು ನೋಡಿದಳು. ಕೊನೆಯ ಸಾಲಿನ ಕೆಳಗೆ ಎರಡು ಸಾಲಿನ ಜಾಗ ಖಾಲಿ ಇತ್ತು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಕ್ಲಾಸಿನಲ್ಲಿ ಸಂಶಯ ಕೇಳುವಾಗಿನ ದನಿಯೇ ಇತ್ತು.

"ಇದನ್ನೂ ಬರೀಬೇಕೇನ್ರಿ ಮೇಡಂ?" ಎಂದಳು.

ಮರಿಯಮಬಿ ಅವಳ ಚೀಲದ ಗಂಟು ಬಿಚ್ಚಿ ಎರಡು ಬೊಗಸೆ ಕೊಸರು ಹಾಕಿ, ಮತ್ತೆ ಗಂಟು ಕಟ್ಟಿ ಅವಳ ತಲೆಯ ಮೇಲಿಟ್ಟಳು.